ಹನ್ನೆರಡು ಬುಷ್‌ಗಳ ಹೊರಮೈ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಬೀದಿಯ ಕೊನೆಯಲ್ಲಿ ನಾನು ಲೇತ್ ಕೆಲಸ ಕಲಿತ ವರ್ಕ್‌ಶಾಪ್ ಇತ್ತು. ಒಳಗೆ ಕಬ್ಬಿಣವನ್ನು ತಿರುಗಿಸಿ ಕೆತ್ತುವ ಎರಡು ಲೇತ್‌ಗಳು, ಒಂದು ಡ್ರಿಲ್ಲಿಂಗ್ ಮಷಿನ್, ಒಂದು ನೀರಿನ ಮಡಕೆ. ಮಾಲೀಕರೇ ಮೇಸ್ತ್ರಿ. ಮಿಲ್ಲಿನ ಶಾಫ್ಟ್ ಸವೆದರೆ, ಪುಲ್ಲಿ ಸಡಿಲವಾದರೆ, ಬೇರಿಂಗ್ ಕೂರುವ ಜಾಗ ಕೆಟ್ಟರೆ ಎಲ್ಲರೂ ಅವರಲ್ಲಿಗೇ ಬರುತ್ತಿದ್ದರು. ಇದು ತೊಂಬತ್ತರ ದಶಕದ ಕೊನೆಯ ಮಾತು. ನನಗೆ ಆಗ ಇಪ್ಪತ್ತೇಳು ವರ್ಷ. ನಾನು ನಿಧಾನದವನು. ಒಂದು ಅಳತೆಯನ್ನು ಮೂರು ಸಲ ನೋಡದೆ ಬಾಯಿ ಬಿಡುತ್ತಿರಲಿಲ್ಲ. ಆ ಕಾರಣಕ್ಕೇ ಮೇಸ್ತ್ರಿ ಕೂದಲೆಳೆಯ ದಪ್ಪವನ್ನೂ ಅಳೆಯುವ ತಮ್ಮ ಮೈಕ್ರೋಮೀಟರನ್ನು ನನ್ನ ಕೈಗೆ ಕೊಡುತ್ತಿದ್ದರು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಆ ಮೈಕ್ರೋಮೀಟರ್‌ಗೆ ಮರದ ಡಬ್ಬಿ, ಡಬ್ಬಿಯೊಳಗೆ ರೇಷ್ಮೆ ಸೀರೆಯ ಒಂದು ತುಂಡು. ಆಯುಧಪೂಜೆಯ ದಿನ ಲೇತ್‌ಗಿಂತ ಮೊದಲು ಅದಕ್ಕೆ ಕುಂಕುಮ. ಅದನ್ನು ಬಳಸಲು ಎರಡು ನಿಯಮಗಳಿದ್ದವು. ಮೊದಲನೆಯದು, ತಿರುಗುತ್ತಿರುವ ತುಂಡಿಗೆ ಅದನ್ನು ಹಚ್ಚಬಾರದು. ಇದು ಎಲ್ಲ ವರ್ಕ್‌ಶಾಪ್‌ಗಳಲ್ಲೂ ಇರುವ ನಿಯಮ. ಎರಡನೆಯದು ಮೇಸ್ತ್ರಿಯದೇ: ನರ್ಲಿಂಗ್ ಆದ ಮೈಗೆ ಅದನ್ನು ಮುಟ್ಟಿಸಬಾರದು.

ನರ್ಲಿಂಗ್ ಎಂದರೆ, ಹಲ್ಲಿರುವ ಗಟ್ಟಿ ಉಕ್ಕಿನ ಪುಟ್ಟ ಚಕ್ರವೊಂದನ್ನು ತಿರುಗುವ ಕಬ್ಬಿಣಕ್ಕೆ ಬಲವಾಗಿ ಒತ್ತಿ, ಮೈಮೇಲೆ ಗೆರೆ ಮೂಡಿಸುವುದು. ಹಿಡಿಕೆ ಜಾರದಿರಲಿ ಎಂದು ಮಾಡುತ್ತಾರೆ. ಆ ಹಲ್ಲುಗಳು ತಮ್ಮ ಮೈಕ್ರೋಮೀಟರಿನ ನಯವಾದ ಬಾಯಿಯನ್ನು ಗೀಚುತ್ತವೆ ಎಂದು ಮೇಸ್ತ್ರಿಯ ಭಯ.

"ಮುಳ್ಳಿನ ಬೇಲಿಗೆ ಯಾರಾದ್ರೂ ಮುತ್ತು ಕೊಡ್ತಾರೇನ್ಲೇ?" ಎನ್ನುತ್ತಿದ್ದರು.

ಹಾಗಾಗಿ ಆ ವರ್ಕ್‌ಶಾಪಿನಲ್ಲಿ ನರ್ಲಿಂಗ್ ಆದ ವಸ್ತುವನ್ನು ಯಾರೂ ಎಂದೂ ಅಳೆದಿರಲಿಲ್ಲ. ಅಳೆಯುವ ಅಗತ್ಯವೂ ಬಿದ್ದಿರಲಿಲ್ಲ. ಮಿಲ್ಲಿನವರು ಹಿಡಿಕೆ ಹಿಡಿದು ನೋಡುತ್ತಿದ್ದರು, ಕೈ ಜಾರದಿದ್ದರೆ ತಲೆ ಆಡಿಸಿ ಒಯ್ಯುತ್ತಿದ್ದರು. ನರ್ಲಿಂಗ್ ಹಾಕುವುದು ಮೇಸ್ತ್ರಿ ಮಾತ್ರ. ಹೊರಮೈ ಕೆತ್ತುವ ಕೆಲಸ ನನ್ನದು. ಕೆತ್ತಿ ಮುಗಿಸಿದ ಮೇಲೆ ನಾನು ಪಕ್ಕಕ್ಕೆ ಸರಿಯಬೇಕು. ಅವರು ಅಂಗಿಯ ತೋಳು ಮಡಚಿ, ಪಕ್ಕದ ಮಿಲ್ಲಿನಿಂದ ತರಿಸಿದ ಶೇಂಗಾ ಎಣ್ಣೆಯನ್ನು ಬ್ರಷ್‌ನಿಂದ ಸವರಿ, ಚಕ್ರ ಒತ್ತುತ್ತಿದ್ದರು. ಒತ್ತಡಕ್ಕೆ ಕಬ್ಬಿಣ ಬಿಸಿಯಾಗಿ ಎಣ್ಣೆ ಘಮ್ಮೆನ್ನುತ್ತಿತ್ತು. ಬೀದಿಯಲ್ಲಿ ಹೋಗುವವರು ಒಳಗೆ ಬೋಂಡಾ ಕರಿಯುತ್ತಿದ್ದಾರೆಂದು ಇಣುಕಿದ್ದುಂಟು.

ನಮ್ಮ ಅಪ್ಪನದು ಮಾರುಕಟ್ಟೆ ಯಾರ್ಡಿನಲ್ಲಿ ಶೇಂಗಾ ಮಂಡಿ. ಮಂಡಿಯಲ್ಲಿ ಕೂರಬೇಕಾದ ಮಗ ಎಣ್ಣೆ ಮೆತ್ತಿದ ಅಂಗಿಯಲ್ಲಿ ಮನೆಗೆ ಬರುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಮೂರು ವರ್ಷ ತಡೆದುಕೊಂಡರು. ನಾಲ್ಕನೆಯ ವರ್ಷ ಊಟಕ್ಕೆ ಕೂತಾಗ ಹೇಳಿದರು: "ಇನ್ನೊಬ್ಬರ ಲೇತ್ ಒರೆಸಿಕೊಂಡು ಎಷ್ಟು ದಿನ ಇರ್ತೀಯಾ? ಯುಗಾದಿ ಒಳಗೆ ನಿಂದು ಅಂತ ಒಂದು ಲೇತ್ ಆಗಲಿಲ್ಲ ಅಂದ್ರೆ ಹಬ್ಬದ ಮಾರನೇ ದಿನ ಮಂಡಿಗೆ ಬಂದು ಕೂತ್ಕೋಬೇಕು."

ಅವ್ವ ಮುದ್ದೆ ಬಡಿಸುತ್ತ, "ಅವನು ಶೇಂಗಾನೂ ಒಂದೊಂದೇ ಅಳೆದು ತೂಗ್ತಾನೆ, ನಿಮ್ಮ ಮಂಡಿ ಮುಳುಗ್ತದೆ" ಎಂದರು. ಅಪ್ಪ ನಗಲಿಲ್ಲ.

ಈ ಮಾತನ್ನು ಮೇಸ್ತ್ರಿಗೆ ಹೇಳಿದೆ. ಅವರು ಬೀಡಿ ಹಚ್ಚಿ ಎರಡನೇ ಲೇತಿನ ಕಡೆ ನೋಡಿದರು. "ಕೊಡಾನ ಬಿಡು. ಹೊರಗಿನ ಕೆಲಸ ಒಂದು ಬರಲಿ. ಅದು ಪಾಸಾದ್ರೆ ಆ ಲೇತ್ ನಿಂದೇ, ಸಾವ್ಕಾರ್ರ ಮಗ" ಎಂದರು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

ಹೊರಗಿನ ಕೆಲಸ ಯುಗಾದಿಗೆ ಎರಡು ವಾರ ಮುಂಚೆ ಬಂತು.

ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲು ಸುತ್ತುವ ಯಂತ್ರ ಜೋಡಿಸುವವರೊಬ್ಬರಿದ್ದರು. ಮೆಲುದನಿಯ ಮನುಷ್ಯ, ಕಿಸೆಯಲ್ಲಿ ಯಾವಾಗಲೂ ದಪ್ಪ ಅಳೆಯುವ ಒಂದು ವರ್ನಿಯರ್. ಅವರ ಯಂತ್ರಕ್ಕೆ ಜಾಲಿ ಮರದ ಗಾಲಿಗಳು ಬೇಕು. ಗಾಲಿಯ ನಡುವಿನ ತೂತಿಗೆ ಬುಷ್ ಎಂಬ ಉಕ್ಕಿನ ಚಿಕ್ಕ ಕೊಳವೆಯೊಂದನ್ನು ಒತ್ತಿ ಕೂರಿಸಬೇಕು. ಬುಷ್ ಮರದೊಳಗೆ ಸುತ್ತಿ ಜಾರದಂತೆ ಅದರ ಮೈಮೇಲೆ ಉದ್ದುದ್ದ ಗೆರೆಯ ನರ್ಲಿಂಗ್. ಆ ಗೆರೆಗಳು ಮರವನ್ನು ಕಚ್ಚಿ ಹಿಡಿಯುತ್ತವೆ. ಅವರು ತಂದ ಡ್ರಾಯಿಂಗ್‌ನಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಗೆರೆಯಿಂದ ಗೆರೆಗೆ ಒಂದು ಮಿಲಿಮೀಟರ್. ನರ್ಲಿಂಗ್ ಮಾಡಿದ ಹೊರವ್ಯಾಸ ಇಪ್ಪತ್ತೈದು ಮಿಲಿಮೀಟರ್, ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಆಚೀಚೆ, ಅಂದರೆ 24.95ರಿಂದ 25.05ರವರೆಗೆ. ಒಂದು ತುದಿಯಲ್ಲಿ ಮೂರು ಮಿಲಿಮೀಟರ್ ನಯವಾಗಿ ಬಿಡಬೇಕು, ಅದು ಮರದಿಂದ ಹೊರಗೆ ಉಳಿಯುತ್ತದೆ, ಅದಕ್ಕೆ ಬಿಗಿ ಅಳತೆಯಿಲ್ಲ.

"ಮರದ ತೂತು ಇಪ್ಪತ್ನಾಲ್ಕು ಪಾಯಿಂಟ್ ಏಳು ಇರ್ತದ್ರಿ" ಎಂದು ಅವರು ವಿವರಿಸಿದರು. "ಬುಷ್ ಇಪ್ಪತ್ತೈದು ಇದ್ರೆ ಬಿಗಿಯಾಗಿ ಕೂರ್ತದೆ. ಕಮ್ಮಿ ಆದ್ರೆ ಒಳಗೇ ಸುತ್ತುತ್ತದೆ. ಜಾಸ್ತಿ ಆದ್ರೆ ಮರ ಸೀಳ್ತದೆ. ಮೊದಲು ಹನ್ನೆರಡು ಮಾಡಿ ಕೊಡ್ರಿ. ಸರಿ ಬಂದ್ರೆ ಆಮೇಲೆ ಪ್ರತಿ ತಿಂಗಳಾ ನಿಮ್ಮ ಹತ್ರಾನೇ."

ಮೇಸ್ತ್ರಿ ಡ್ರಾಯಿಂಗನ್ನು ತೋಳಿನುದ್ದ ದೂರ ಹಿಡಿದು ನೋಡಿದರು. "ಇಪ್ಪತ್ತೈದು ತಾನೆ? ನಮ್ಮ ಹುಡುಗ ಕೂದಲು ಸೀಳಿ ಅಳೀತಾನೆ. ಹೋಗಿ ಬರ್ರಿ."

ನಾನು ಕೆತ್ತಿದೆ. ಎರಡು ದಿನ ಹಿಡಿಯಿತು. ಉಕ್ಕಿನ ಸರಳನ್ನು ಲೇತಿನ ಹಿಡಿಯಾದ ಚಕ್‌ನಲ್ಲಿ ಹಿಡಿದು, ಇನ್ನೊಂದು ತುದಿಗೆ ಸೆಂಟರಿನ ಮೊನೆ ಆನಿಸಿ, ಕೊನೆಯ ಕೂದಲೆಳೆಯಷ್ಟನ್ನು ತೆಗೆದು, ಲೇತ್ ನಿಲ್ಲಿಸಿ, ಒರೆಸಿ, ಮೂರು ಸಲ ಅಳೆದು, ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಬರೆದೆ: 25.00. ಪಕ್ಕಕ್ಕೆ ಸರಿದೆ. ಮೇಸ್ತ್ರಿ ಬಂದು ಎಣ್ಣೆ ಸವರಿ ನರ್ಲಿಂಗ್ ಹಾಕಿದರು. ಆಮೇಲೆ ನಾನು ನಡುವೆ ತೂತು ಕೊರೆದು ಕತ್ತರಿಸಿ ಇಳಿಸಿದೆ. ಮೊದಲನೆಯದರಲ್ಲಿ ಮಾತ್ರ ಚಕ್ರ ಎರಡನೇ ಸುತ್ತಿಗೆ ಮೊದಲ ಗೆರೆಗಳ ನಡುವೆ ಬಿದ್ದು ಗೆರೆ ದುಪ್ಪಟ್ಟಾಗತೊಡಗಿತು. ಮೇಸ್ತ್ರಿ ಬೈದು ಇನ್ನೂ ಜೋರಾಗಿ ಒತ್ತಿದರು, ಹಲ್ಲುಗಳು ಒಂದೇ ದಾರಿಗೆ ಬಂದವು. ಹನ್ನೆರಡು ಬುಷ್‌ಗಳು ಬುಟ್ಟಿಯಲ್ಲಿ ಹೊಳೆಯುತ್ತ ಕೂತವು. ನನ್ನ ಚೀಟಿಯಲ್ಲಿ ಒಂದರ ಕೆಳಗೊಂದು ಹನ್ನೆರಡು ಸಲ 25.00 ಇತ್ತು. ನನಗೆ ಆ ಚೀಟಿಯನ್ನು ಅಪ್ಪನಿಗೆ ತೋರಿಸಬೇಕೆನ್ನಿಸಿತ್ತು.

"ಮೇಸ್ತ್ರಿ, ನರ್ಲಿಂಗ್ ಆದ ಮೇಲೆ ಒಂದ್ಸಲ ನೋಡಾನ ಏನ್ರಿ?" ಎಂದು ಕೇಳಿದ್ದು ನೆನಪಿದೆ.

"ಹಾಕೋಕೆ ಮುಂಚೆ ಇಪ್ಪತ್ತೈದು ಇತ್ತಾ?"

"ಇತ್ತು."

"ನಾನೇನಾದ್ರೂ ಮೇಲೆ ತಂದು ಅಂಟಿಸಿದ್ನಾ?"

"ಇಲ್ಲ."

"ಮತ್ತೆ ಎಲ್ಲಿಂದ ಬರ್ತೈತೆ? ಡಬ್ಬಿ ಮುಚ್ಚು."

ಮುಚ್ಚಿದೆ.

ಮಂಗಳವಾರ ಬೆಳಿಗ್ಗೆ ಬುಷ್‌ಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ ಖಾಸಗಿ ಬಸ್ಸು ಹತ್ತಿದೆ. ಸೀಟಿರಲಿಲ್ಲ. ಇಂಜಿನ್ ಬಾನೆಟ್ ಪಕ್ಕದಲ್ಲಿ ಚೀಲ ಇಟ್ಟು ನಿಂತೆ. ಬಿ.ಜಿ. ಕೆರೆಯಲ್ಲಿ ಸೀಟು ಸಿಕ್ಕಿತು. ಮೊಳಕಾಲ್ಮೂರು ತಲುಪಿದಾಗ ಹನ್ನೊಂದು ಗಂಟೆ.

ಯಂತ್ರದವರ ಶೆಡ್ಡಿನಲ್ಲಿ ಒಬ್ಬ ವಯಸ್ಸಾದ ಬಡಗಿ ಕೂತಿದ್ದರು. ಎಲ್ಲರೂ ಅವರನ್ನು ಆಚಾರಿ ಎನ್ನುತ್ತಿದ್ದರು. ಮುಂದೆ ಹನ್ನೆರಡು ಜಾಲಿ ಗಾಲಿಗಳನ್ನು ಸಾಲಾಗಿ ಜೋಡಿಸಿದ್ದರು. ಪ್ರತಿಯೊಂದಕ್ಕೂ ಒಂದು ದಿನದ ಕೆಲಸ ಹಿಡಿದಿತ್ತಂತೆ. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಸಿಟ್ಟು ಬಂದರೆ ಪೂರ್ತಿ ತೆಲುಗು ಎಂದು ಯಂತ್ರದವರು ಮೊದಲೇ ನಗುತ್ತ ಹೇಳಿದ್ದರು.

ಆಚಾರಿ ಒಂದು ಗಾಲಿಯನ್ನು ಮೇಜಿಗೆ ಬಿಗಿದ ಇಕ್ಕಳದ, ಬೆಂಚ್ ವೈಸ್‌ನ, ಬಾಯಿಗಿಟ್ಟು, ಬುಷ್‌ನ ಮೂತಿಯನ್ನು ತೂತಿಗೆ ನೇರ ಹಿಡಿದು, ಹಿಡಿಕೆ ತಿರುಗಿಸತೊಡಗಿದರು. ಬುಷ್ ಬೆರಳಗಲ ಒಳಗೆ ಹೋಯಿತು. "ಬಿಗಿ ಉಂದಿ" ಎಂದು ಮೆಚ್ಚಿ ಇನ್ನೊಂದು ಸುತ್ತು ತಿರುಗಿಸಿದರು. ಟಪ್ ಎಂದು ಸದ್ದಾಯಿತು. ಗಾಲಿ ಅಂಚಿನಿಂದ ನಡುವಿನವರೆಗೆ ಸೀಳಿತ್ತು.

ಆಚಾರಿ ಸೀಳನ್ನು ಬೆರಳಿನಿಂದ ಮುಟ್ಟಿ, "ಇದರಾಗೆ ಗಂಟು ಇತ್ತೇನೋ" ಎಂದರು. ಎರಡನೆಯದನ್ನು ತೆಗೆದು ನಾಲ್ಕೂ ಕಡೆ ತಿರುಗಿಸಿ ನೋಡಿದರು. ಗಂಟಿರಲಿಲ್ಲ. ನಿಧಾನವಾಗಿ ವೈಸ್ ತಿರುಗಿಸಿದರು. ಅರ್ಧಕ್ಕೆ ಹೋದಾಗ ಮತ್ತೆ ಟಪ್.

ಆಚಾರಿ ವೈಸ್ ಬಿಟ್ಟು ನನ್ನತ್ತ ತಿರುಗಿದರು. "ಏಂಟಯ್ಯಾ ಇದಿ?"

ಪೂರ್ತಿ ತೆಲುಗು ಬಂದಿತ್ತು.

ಯಂತ್ರದವರು ಕಿಸೆಯ ವರ್ನಿಯರ್ ತೆಗೆದು ಮೂರನೇ ಬುಷ್‌ನ ಗೆರೆಗಳ ಮೇಲೆ ಹಿಡಿದರು. "ಇಪ್ಪತ್ತೈದೂವರೆ ಐತಲ್ಲ."

ನಾನು ಚೀಟಿ ತೆಗೆದು ಮುಂದೆ ಹಿಡಿದೆ. ಅವರು ಚೀಟಿ ಓದಿದರು, ಮತ್ತೆ ವರ್ನಿಯರ್ ಓದಿದರು. ಆಚಾರಿ ಇಣುಕಿ, "ಚೀಟಿನ ಮರಕ್ಕೆ ತೋರಿಸಯ್ಯ. ಅದು ಓದಿ ಕೂಡಿಕೊಂತೈತೇನೋ" ಎಂದರು.

ನಿಮ್ಮ ವರ್ನಿಯರ್ ಸರಿಯಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅದನ್ನು ಬುಷ್‌ನ ನಯವಾದ ತುದಿಗೆ ಹಿಡಿದು, "ಇಲ್ಲಿ ಇಪ್ಪತ್ತೈದೇ ಐತೆ ನೋಡ್ರಿ" ಎಂದರು. ಒಂದೇ ಬುಷ್, ಒಂದೇ ವರ್ನಿಯರ್, ಎರಡು ಅಳತೆ. ಅಳತೆಯೊಂದನ್ನೇ ನಂಬಿ ಬದುಕಿದ್ದವನು ನಾನು.

ಯಂತ್ರದವರು ಬೈಯಲಿಲ್ಲ. "ಶನಿವಾರ ಬರ್ರಿ. ಇನ್ನು ಹತ್ತು ಗಾಲಿ ಉಳಿದಾವೆ" ಎಂದರು. ಆಚಾರಿ ಆ ಹತ್ತನ್ನೂ ಎತ್ತಿ ತಮ್ಮ ಹಿಂದೆ, ನನ್ನ ಕೈಗೆ ಸಿಗದ ಜಾಗದಲ್ಲಿ ಜೋಡಿಸಿಟ್ಟರು.

ವರ್ಕ್‌ಶಾಪಿಗೆ ಹಿಂತಿರುಗಿ ನಡೆದದ್ದನ್ನು ಹೇಳಿದೆ. ಮೇಸ್ತ್ರಿ ಸಾವಧಾನವಾಗಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಬಸ್ಸಿನಾಗೆ ಚೀಲ ಎಲ್ಲಿಟ್ಟಿದ್ದೆ?"

"ಇಂಜಿನ್ ಪಕ್ಕ."

"ಮತ್ತೆ! ಕಾದು ಉಬ್ಬೈತೆ. ಕಬ್ಬಿಣ ಕಾದ್ರೆ ಉಬ್ತೈತೆ ಅಂತ ಐಟಿಐನಾಗೆ ಹೇಳಿಕೊಡ್ಲಿಲ್ಲೇನ್ಲೇ?"

ಬುಷ್‌ಗಳನ್ನು ತೆಗೆದುಕೊಂಡು ಹೋಗಿ ಕುಡಿಯುವ ನೀರಿನ ಮಡಕೆಗೆ ಹಾಕಿದರು. ಪಕ್ಕದ ಮಿಲ್ಲಿನ ಹಮಾಲರೊಬ್ಬರು ಎಂದಿನಂತೆ ನೀರು ಕುಡಿಯಲು ಬಂದು ಲೋಟ ಮುಳುಗಿಸಿದಾಗ ಒಳಗೆ ಠಣ್ ಎಂದಿತು. ಅವರು ಕುಡಿದು, ಚಪ್ಪರಿಸಿ, "ಏನ್ ಮೇಸ್ತ್ರಿ, ನೀರಿಗೂ ಒಗ್ಗರಣೆ ಹಾಕೀರಾ?" ಎಂದರು. ಶೇಂಗಾ ಎಣ್ಣೆಯ ವಾಸನೆ ಹೋಗಿರಲಿಲ್ಲ.

ಆ ದಿನ ಮನೆಗೆ ಹೋಗಿ ಲೆಕ್ಕ ಹಾಕಿದೆ. ಆ ಗಾತ್ರದ ಉಕ್ಕು ಶಾಖಕ್ಕೆ ಅರ್ಧ ಮಿಲಿಮೀಟರ್ ಉಬ್ಬಬೇಕಾದರೆ ಸಾವಿರದ ಆರುನೂರು ಡಿಗ್ರಿಗೂ ಹೆಚ್ಚು ಕಾಯಬೇಕಿತ್ತು. ಅಷ್ಟು ಕಾದಿದ್ದರೆ ಬುಷ್‌ಗಳು ಬಿ.ಜಿ. ಕೆರೆ ದಾಟುವ ಮುಂಚೆಯೇ ಕರಗಿ ಬಸ್ಸಿನ ತಳದಿಂದ ರಸ್ತೆಗೆ ಸುರಿಯಬೇಕಿತ್ತು. ಮಾರನೆಯ ದಿನ ಇದನ್ನು ಮೇಸ್ತ್ರಿಗೆ ಹೇಳಿದೆ.

"ಹಂಗಾದ್ರೆ ನಿನ್ನ ಅಳತೆ ತಪ್ಪು" ಎಂದರು. ಸಿಟ್ಟಿನಿಂದಲ್ಲ, ಉಳಿದ ಒಂದೇ ದಾರಿ ಅದು ಎಂಬಂತೆ. "ತಪ್ಪು ಮಾಡಿದವನಿಗೆ ಲೇತ್ ಹೆಂಗ್ ಕೊಡ್ಲಿ, ನೀನೇ ಹೇಳು."

ಮೈಕ್ರೋಮೀಟರ್ ತೆಗೆದು ಒಂದು ರೂಪಾಯಿ ನಾಣ್ಯವನ್ನು ಹತ್ತು ಸಲ ಅಳೆದೆ. ಹತ್ತು ಸಲವೂ ಒಂದೇ ಬಂತು. ನನ್ನ ಕೈ ಸರಿಯಿತ್ತು, ಕಣ್ಣು ಸರಿಯಿತ್ತು. ಮಡಕೆಯಿಂದ ತೆಗೆದ ಬುಷ್ ಒಂದನ್ನು ಹಿಡಿದು ಬಾಗಿಲ ಬಳಿ ಬಹಳ ಹೊತ್ತು ಕೂತೆ. ಸುಮ್ಮನೆ ಉಗುರನ್ನು ನಯವಾದ ತುದಿಯಿಂದ ಗೆರೆಗಳ ಕಡೆ ಜಾರಿಸುತ್ತಿದ್ದೆ. ಪ್ರತಿ ಸಲವೂ ಗೆರೆ ಶುರುವಾಗುವ ಕಡೆ ಉಗುರು ತಡೆದು ನಿಲ್ಲುತ್ತಿತ್ತು. ಅಲ್ಲಿ ಒಂದು ಮೆಟ್ಟಿಲಿತ್ತು. ಇಳಿಯುವ ಮೆಟ್ಟಿಲಲ್ಲ, ಹತ್ತುವ ಮೆಟ್ಟಿಲು.

ಗೆರೆ ಹಾಕಿದರೆ ಮೈ ತಗ್ಗಬೇಕು ಎಂದುಕೊಂಡಿದ್ದೆ. ಎದ್ದು ಹೋಗಿ ಲೇತಿನ ಟ್ರೇ ನೋಡಿದೆ. ನಾನು ಕೆತ್ತಿದ ಸುರುಳಿ ಚೂರುಗಳು ಗುಡ್ಡೆ ಬಿದ್ದಿದ್ದವು.

"ಮೇಸ್ತ್ರಿ, ನೀವು ನರ್ಲಿಂಗ್ ಹಾಕುವಾಗ ಚೂರು ಬೀಳ್ತಾವೇನ್ರಿ?"

"ಎಲ್ಲಿ ಬೀಳ್ತಾವೆ? ಅದೇನು ಕೆತ್ತೋದಾ? ಒತ್ತೋದು."

"ನೀವು ಏನೂ ಅಂಟಿಸಿಲ್ಲ, ಸರಿ. ಏನೂ ತೆಗೆದೂ ಇಲ್ಲ. ಗೆರೆ ಬಿದ್ದ ಜಾಗದಾಗೆ ಇದ್ದ ಕಬ್ಬಿಣ ಎಲ್ಲಿಗೆ ಹೋಯ್ತು?"

ಮೇಸ್ತ್ರಿ ಬೀಡಿಯನ್ನು ಬಾಯಿಂದ ತೆಗೆದರು. ಮತ್ತೆ ಇಟ್ಟುಕೊಂಡರು. "ಎಲ್ಲಿಗೆ ಹೋಗ್ತೈತೆ?"

"ಅದನ್ನೇ ನೋಡಾನ. ಮೈಕ್ರೋಮೀಟರ್ ಬೇಡ. ಒಂದು ತುಂಡಿಗೆ ಅರ್ಧ ಮಾತ್ರ ಹಾಕಿ ಕೊಡ್ರಿ."

ಒಂದು ಸರಳು ತೆಗೆದು ಬೆರಳುದ್ದ ಕೆತ್ತಿದೆ. ಇಪ್ಪತ್ತೈದಕ್ಕೆ ತಂದೆ. ಈ ಸಲ ಮೇಸ್ತ್ರಿಯೇ ಕನ್ನಡಕ ಹಾಕಿ ಮೈಕ್ರೋಮೀಟರ್ ಓದಿದರು. ನನ್ನ ಮೇಲೆ ಅನುಮಾನವಿತ್ತಲ್ಲ. 25.00. ಅರ್ಧ ಉದ್ದಕ್ಕೆ ನರ್ಲಿಂಗ್ ಹಾಕಿದರು. ಲೇತ್ ನಿಂತಿತು. ನಾನು ಉಕ್ಕಿನ ಸ್ಕೇಲಿನ ಅಂಚನ್ನು ಗೆರೆಗಳ ಮೇಲೆ ಉದ್ದಕ್ಕೆ ಕೂರಿಸಿ, ನಯವಾದ ಅರ್ಧದ ಮೇಲೆ ಚಾಚುವಂತೆ ಹಿಡಿದು, ಬಾಗಿಲ ಬೆಳಕಿಗೆ ಬಗ್ಗಿ ನೋಡಲು ಹೇಳಿದೆ.

ಸ್ಕೇಲಿನ ಕೆಳಗೆ, ನಯವಾದ ಅರ್ಧದ ಮೇಲೆ, ಬೆಳಕಿನ ಒಂದು ಗೆರೆ ಹಾದುಹೋಗುತ್ತಿತ್ತು.

ಮೇಸ್ತ್ರಿ ಬಗ್ಗಿದವರು ಏಳಲಿಲ್ಲ. ಮೊಳಕಾಲೂರಿ ಮತ್ತೊಮ್ಮೆ ನೋಡಿದರು. ನಾನು ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿಗಳ ಕಟ್ಟು ತಂದೆ. ಕಾಲು ಮಿಲಿಮೀಟರಿನ ಪಟ್ಟಿ ಹೆಚ್ಚುಕಡಿಮೆ ಸರಿಯಾಗಿ ಕೂತಿತು. ಒಂದು ಪಕ್ಕಕ್ಕೆ ಕಾಲು ಎಂದರೆ ಎರಡೂ ಪಕ್ಕಕ್ಕೆ ಅರ್ಧ.

"ಗೆರೆಯಿಂದ ಒತ್ತಿಸಿಕೊಂಡ ಕಬ್ಬಿಣ ಪಕ್ಕಕ್ಕೆ ಎದ್ದು ದಿಬ್ಬ ಆಗೈತೆ" ಎಂದೆ. "ನೀವು ಚೆನ್ನಾಗಿ ಒತ್ತಿದಷ್ಟೂ ಎದ್ದೈತೆ."

ಅವರು ಎದ್ದು ಕೈ ಒರೆಸಿಕೊಂಡು, ಡಬ್ಬಿ ತೆರೆದು, ತಾವೇ ಹಾಕಿದ್ದ ನಿಯಮವನ್ನು ತಾವೇ ಮುರಿದರು. ಮೈಕ್ರೋಮೀಟರಿನ ಬಾಯನ್ನು ಮಗುವಿನ ಕೆನ್ನೆ ಮುಟ್ಟುವಂತೆ ಗೆರೆಗಳ ಮೇಲೆ ಇಳಿಸಿದರು. 25.48.

ಮೈಕ್ರೋಮೀಟರನ್ನು ಒರೆಸಿ ಡಬ್ಬಿಗಿಟ್ಟು ಕೇಳಿದರು: "ಹಂಗಾದ್ರೆ ಇಷ್ಟು ವರ್ಷ ನಾನು ಮಾಡಿದ ಹಿಡಿಕೆ ಎಲ್ಲಾ ದಪ್ಪ ಐತಾ?"

"ಐತೆ."

"ಯಾರೂ ಏನೂ ಅನ್ಲಿಲ್ಲ."

"ಹಿಡಿಕೆ ಹಿಡಿಯೋದು ಕೈಯಲ್ವಾ ಮೇಸ್ತ್ರಿ. ಕೈ ಸೀಳಲ್ಲ."

ಅವರು ತಲೆಯಾಡಿಸಿದರು. ಆಮೇಲೆ ಆ ಬುಷ್‌ಗಳನ್ನು ಉಳಿಸಲು ಒಂದು ಉಪಾಯ ಹೇಳಿದರು: ಲೇತಿಗೆ ಕಟ್ಟಿ ಮೇಲಿನ ಅರ್ಧ ಮಿಲಿಮೀಟರ್ ಕೆತ್ತಿಬಿಡೋಣ. ಒಂದನ್ನು ಹಾಗೆ ಮಾಡಿ ನೋಡಿದೆವು. ಅಳತೆ ಬಂತು, ಆದರೆ ದಿಬ್ಬಗಳ ಚೂಪು ಹೋಗಿ ನೆತ್ತಿ ಚಪ್ಪಟೆಯಾಗಿತ್ತು. ಮರ ಕಚ್ಚುವ ಹಲ್ಲೇ ಉಳಿದಿರಲಿಲ್ಲ. ಇನ್ನೊಂದನ್ನು ಹೊಸದಾಗಿ ಇಪ್ಪತ್ತೈದಕ್ಕೇ ಕೆತ್ತಿ ನರ್ಲಿಂಗನ್ನು ಮೆಲ್ಲಗೆ ಒತ್ತಿದರು. ಕಡಿಮೆ ಉಬ್ಬಿತು, ಆದರೂ ಇಪ್ಪತ್ತೈದು ದಾಟಿತ್ತು, ಗೆರೆಯೂ ಅರೆಬರೆ. ಒತ್ತಿದಷ್ಟು ಏಳುವುದು ಖಂಡಿತ. ಏಳಲು ಜಾಗ ಮೊದಲೇ ಬಿಡಬೇಕು. ಬೇರೆ ದಾರಿಯಿರಲಿಲ್ಲ.

ಗುರುವಾರ ಪೂರ್ತಿ ಚೂರು ಸರಳುಗಳ ಮೇಲೆ ನರ್ಲಿಂಗ್ ಹಾಕಿ ನೋಡಿದೆವು. ಇಪ್ಪತ್ನಾಲ್ಕಕ್ಕೆ ಕೆತ್ತಿದ್ದು ಪೂರ್ತಿ ಒತ್ತಿದ ಮೇಲೆ 24.47 ಆಯಿತು. ಇಪ್ಪತ್ನಾಲ್ಕೂವರೆಗೆ ಕೆತ್ತಿದ್ದು 24.98. ಮತ್ತೊಂದು, 24.97. ಅದೇ ಉಕ್ಕು, ಅದೇ ಚಕ್ರ, ಅದೇ ಒತ್ತಡ ಇದ್ದರೆ ಏರಿಕೆ ಗೆರೆಯ ಅಂತರದ ಸುಮಾರು ಅರ್ಧ. ಒಂದು ಮಿಲಿಮೀಟರ್ ಗೆರೆಗೆ ಅರ್ಧ ಮಿಲಿಮೀಟರ್. ಹಿತ್ತಾಳೆಯಾದರೆ, ಚಕ್ರ ಸವೆದಿದ್ದರೆ, ಅಡ್ಡಡ್ಡ ವಜ್ರದ ಗೆರೆಯಾದರೆ ಈ ಲೆಕ್ಕ ಬೇರೆಯಾಗುತ್ತದೆ, ಪ್ರತಿ ಸಲ ಒಂದು ಚೂರಿನ ಮೇಲೆ ನೋಡಿಕೊಳ್ಳಬೇಕು ಎಂಬುದನ್ನು ಆಮೇಲಿನ ವರ್ಷಗಳಲ್ಲಿ ಕಲಿತೆ. ಇನ್ನೊಂದು ಸಂಗತಿಯೂ ಆಗ ಗೊತ್ತಿರಲಿಲ್ಲ. ಇಪ್ಪತ್ನಾಲ್ಕೂವರೆಯ ಸುತ್ತಳತೆ ಹೆಚ್ಚುಕಡಿಮೆ ಎಪ್ಪತ್ತೇಳು ಮಿಲಿಮೀಟರ್, ಅಂದರೆ ಎಪ್ಪತ್ತೇಳು ಗೆರೆಗಳು ಸರಿಯಾಗಿ ಹಿಡಿಸುತ್ತವೆ. ಇಪ್ಪತ್ತೈದರದ್ದು ಎಪ್ಪತ್ತೆಂಟೂವರೆ. ಮೊದಲ ಬುಷ್‌ನಲ್ಲಿ ಗೆರೆ ದುಪ್ಪಟ್ಟಾಗಲು ನೋಡಿದ್ದು ಆ ಅರ್ಧ ಗೆರೆಗೆ ಜಾಗವಿಲ್ಲದೆ. ಈ ಸಲ ಚಕ್ರ ಮೊದಲ ಸುತ್ತಿನಿಂದಲೇ ತನ್ನ ದಾರಿಯಲ್ಲಿ ಓಡಿತು. ಮೇಸ್ತ್ರಿ ಅದನ್ನು ತಮ್ಮ ಕೈಗುಣ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ.

ಶುಕ್ರವಾರ ಹನ್ನೆರಡು ಹೊಸ ಬುಷ್‌ಗಳಾದವು. ಈ ಸಲದ ಚೀಟಿಯಲ್ಲಿ ಎರಡು ಸಾಲುಗಳಿದ್ದವು. ಎಡಕ್ಕೆ ಕೆತ್ತಿದ ಅಳತೆ, ಬಲಕ್ಕೆ ಗೆರೆ ಬಿದ್ದ ಮೇಲಿನ ಅಳತೆ. ಬಲಗಡೆಯ ಅಂಕಿಗಳಲ್ಲಿ ಯಾವುದೂ 24.96ಕ್ಕಿಂತ ಕೆಳಗಿರಲಿಲ್ಲ, 25.00 ದಾಟಿರಲಿಲ್ಲ.

ಶನಿವಾರ ಮೇಸ್ತ್ರಿಯೂ ಹೊರಟರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಮೈಕ್ರೋಮೀಟರ್ ಡಬ್ಬಿ. ಬಸ್ಸಿನಲ್ಲಿ ಚೀಲವನ್ನು ಇಂಜಿನ್ ಪಕ್ಕ ಇಡಲು ಹೋದಾಗ ನನ್ನ ಕೈ ಹಿಡಿದರು.

"ಮೇಸ್ತ್ರಿ, ಕಾದು ಉಬ್ಬಲ್ಲ ಅಂತ ಲೆಕ್ಕ ಹಾಕಿ ತೋರಿಸಿದ್ನಲ್ಲ."

"ತೋರಿಸ್ದೆ. ಆದ್ರೂ ತೊಡೆ ಮೇಲೆ ಇಟ್ಕೋ."

ತೊಡೆಯ ಮೇಲೆ ಇಟ್ಟುಕೊಂಡೆ.

ಆಚಾರಿ ನಮ್ಮನ್ನು ಕಂಡು ಗಾಲಿಗಳಿಗೆ ಇನ್ನಷ್ಟು ಹತ್ತಿರ ಸರಿದು ಕೂತರು. ಮೇಸ್ತ್ರಿ ಡಬ್ಬಿ ತೆರೆದು, ರೇಷ್ಮೆ ಬಟ್ಟೆ ಬಿಡಿಸಿ, ಒಂದೊಂದು ಬುಷ್ ಅಳೆದು ಗಟ್ಟಿಯಾಗಿ ಓದತೊಡಗಿದರು. ನಾಲ್ಕನೆಯದಕ್ಕೆ ಆಚಾರಿ ತಡೆದರು.

"ಸಾಕಯ್ಯ. ಹೋದ ಸಲ ಚೀಟಿ ಓದಿದ್ರಿ, ಈ ಸಲ ಡಬ್ಬಿ ಓದ್ತೀರಾ. ಮರ ಏನಂತೈತೋ ನೋಡಾನ."

ಮೊದಲ ಗಾಲಿ ವೈಸ್‌ಗೆ ಹೋಯಿತು. ಹಿಡಿಕೆ ಒಂದು ಸುತ್ತು. ಇನ್ನೊಂದು. ಮರ ಕಿರುಗುಟ್ಟಿತು. ಮೇಸ್ತ್ರಿ ಕಣ್ಣು ಮುಚ್ಚಿದ್ದರು. ನಾನು ಮುಚ್ಚಲಿಲ್ಲ. ಬುಷ್ ನಯವಾದ ತುದಿಯವರೆಗೆ ಒಳಗೆ ಹೋಗಿ ನಿಂತಿತು. ಸದ್ದಿಲ್ಲ. ಆಚಾರಿ ಗಾಲಿಯನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ತಟ್ಟಿದರು. ಬುಷ್‌ನ ತುದಿಯನ್ನು ಪೈಪ್ ತಿರುಗಿಸುವ ಪಾನದ ಬಾಯಲ್ಲಿ ಕಚ್ಚಿ ತಿರುಚಿದರು. ಗಾಲಿಯೇ ಅವರ ಕೈಯೊಳಗೆ ತಿರುಗಿತು, ಬುಷ್ ಮರದೊಳಗೆ ಅಲ್ಲಾಡಲಿಲ್ಲ.

ಅವರು ಎರಡನೆಯದನ್ನು ತೆಗೆದರು. ಹತ್ತೂ ಕೂತವು. ಯಂತ್ರದವರು ವರ್ನಿಯರನ್ನು ಕಿಸೆಗೆ ಹಾಕಿಕೊಂಡು, "ಯುಗಾದಿ ಆದ ಮೇಲೆ ಮೊದಲ ಲಾಟು ಶುರು ಮಾಡ್ರಿ" ಎಂದರು.

ಎರಡು ಬುಷ್‌ಗಳು ಗಾಲಿಯಿಲ್ಲದೆ ಉಳಿದಿದ್ದವು. ಆಚಾರಿ ಅವನ್ನು ಕೈಯಲ್ಲಿ ತೂಗಿದರು. "ಇವಕ್ಕೆ ಗಾಲಿ ನಾನೇ ಮಾಡಿಕೊಡ್ತೀನಿ. ಆದ್ರೆ ಸೀಳಿದ ಎರಡು ಗಾಲಿ ಈ ಅಬ್ಬಾಯಿ ಹೊತ್ಕೊಂಡು ಹೋಗಲಿ. ನನ್ನ ಕಣ್ಣಮುಂದೆ ಬೇಡ."

ಹಿಂತಿರುಗುವಾಗ ಸೀಳಿದ ಗಾಲಿಗಳು ನನ್ನ ತೊಡೆಯ ಮೇಲಿದ್ದವು. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ, ಮೇಸ್ತ್ರಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಎರಡನೇ ಲೇತ್ ಸೋಮವಾರದಿಂದ ನಿಂದು. ಅದರ ಮೇಲೆ ನರ್ಲಿಂಗೂ ನೀನೇ ಹಾಕು."

"ನೀವು?"

"ನಾನು ಹಾಕೋದು ನೋಡಿ ಎಷ್ಟು ಉಬ್ತು ಅಂತ ನೀನು ಬರ್ಕೊಂಡೆ. ನೀನು ಹಾಕಿದ್ದು ಎಷ್ಟು ಉಬ್ತದೆ ಅಂತ ನಾನು ಬರ್ಕೊಬೇಕಲ್ಲ. ಕೈ ಬೇರೆ, ಒತ್ತಡ ಬೇರೆ."

ಅದು ಅವರು ಹೇಳಿದ ಮಾತುಗಳಲ್ಲಿ ಅತ್ಯಂತ ನಿಖರವಾದದ್ದು ಎಂದು ಇಂದಿಗೂ ನನಗನ್ನಿಸುತ್ತದೆ.

ಮನೆಗೆ ಹೋದಾಗ ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ಲೇತ್ ಸಿಕ್ಕಿತು ಎಂದೆ. ಅವರ ಕಣ್ಣು ನನ್ನ ಕೈಯಲ್ಲಿದ್ದ ಸೀಳಿದ ಗಾಲಿಗಳ ಮೇಲಿತ್ತು.

"ಇದಕ್ಕೇನಾ ಲೇತ್ ಕೊಟ್ಟಿದ್ದು?"

"ಹೂಂ" ಎಂದೆ. ಯೋಚಿಸಿದರೆ ಅದು ನಿಜವೇ ಆಗಿತ್ತು.

ಅವ್ವ ಒಂದು ಗಾಲಿಯನ್ನು ಒಲೆಗೆ ಹಾಕಿದರು. ಇನ್ನೊಂದನ್ನು ನಾನು ತೆಗೆದಿಟ್ಟುಕೊಂಡೆ. ಅದರ ನಡುವೆ ಇಪ್ಪತ್ತೈದೂವರೆಯ ಬುಷ್ ಅರ್ಧಕ್ಕೆ ಸಿಕ್ಕಿಕೊಂಡು ಇನ್ನೂ ಹಾಗೇ ಇದೆ. ಸೀಳು ಬಿಟ್ಟರೂ ಮರ ಅದನ್ನು ಬಿಟ್ಟಿಲ್ಲ, ಅಷ್ಟು ಚೆನ್ನಾಗಿತ್ತು ಮೇಸ್ತ್ರಿಯ ನರ್ಲಿಂಗ್.